ಕಂಪನಿ ಬಿಟ್ಟ ಇಂಜಿನಿಯರ್‌ಗೆ ಹನ್ನೆರಡು ತಿಂಗಳ ಬೇಲಿ: ಕಲಂ 27ರ ಸಮಸ್ಯೆಯನ್ನು ಬಿಡಿಸುವುದು ಹೇಗೆ

ಮೊದಲು ಪ್ರಶ್ನೆ ಓದಿಬಿಡಿ. ಕಾನೂನು ಕಾಲೇಜಿನ ಕಾಂಟ್ರ್ಯಾಕ್ಟ್ ಪೇಪರ್‌ನಲ್ಲಿ ಬರುವಂಥದ್ದೇ. ಹೆಸರು, ಊರು, ತಾರೀಖು ಎಲ್ಲ ನಾನೇ ಹೊಲಿದದ್ದು.

*ಚೇತನಾ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಇಂಜಿನಿಯರ್. ಸಗಟು ವ್ಯಾಪಾರಿಗಳ ಬಿಲ್ಲನ್ನೂ ಬ್ಯಾಂಕಿಗೆ ಬಂದ ಹಣವನ್ನೂ ತಾಳೆ ನೋಡುವ ಸಾಫ್ಟ್‌ವೇರ್ ಆ ಕಂಪನಿಯದು. ಆಕೆಯ ನೇಮಕಾತಿ ಕರಾರಿನ 14ನೇ ಷರತ್ತು: ಕೆಲಸ ಬಿಟ್ಟ ಮೇಲೆ 12 ತಿಂಗಳು ಭಾರತದಲ್ಲಿ ಎಲ್ಲಿಯೂ ಪ್ರತಿಸ್ಪರ್ಧಿ ಕಂಪನಿ ಸೇರಬಾರದು, ಸೇರಿದರೆ 10 ಲಕ್ಷ ರೂಪಾಯಿ ಕೊಡಬೇಕು. 15ನೇ ಷರತ್ತು: ಅದೇ 12 ತಿಂಗಳು ಕಂಪನಿಯ ಗ್ರಾಹಕರನ್ನಾಗಲಿ ನೌಕರರನ್ನಾಗಲಿ ಸೆಳೆಯಬಾರದು. 16ನೇ ಷರತ್ತು: ಕಂಪನಿಯ ಗೋಪ್ಯ ಮಾಹಿತಿಯನ್ನು ಎಂದಿಗೂ ಬಳಸಬಾರದು. ಇದಲ್ಲದೆ ಒಂದು ಬಾಂಡ್: ಕಂಪನಿ 1.8 ಲಕ್ಷ ಖರ್ಚು ಮಾಡಿ ಆಕೆಗೆ ತರಬೇತಿ ಕೊಡಿಸಿದೆ, ತರಬೇತಿ ಮುಗಿದ ಮೇಲೆ 24 ತಿಂಗಳು ಇರದಿದ್ದರೆ 2 ಲಕ್ಷ ಕಟ್ಟಬೇಕು. ತರಬೇತಿ ಮುಗಿದದ್ದು 2024ರ ಜನವರಿ 31ಕ್ಕೆ. ಚೇತನಾ ರಾಜೀನಾಮೆ ಕೊಟ್ಟು, 60 ದಿನದ ನೋಟಿಸ್ ಅವಧಿ ಪೂರ್ತಿ ಮುಗಿಸಿ, 2025ರ ಮಾರ್ಚ್ 31ಕ್ಕೆ ಹೊರಬಿದ್ದಳು. ಏಪ್ರಿಲ್ 15ಕ್ಕೆ ಎಚ್‌ಎಸ್‌ಆರ್ ಬಡಾವಣೆಯ ಪ್ರತಿಸ್ಪರ್ಧಿ ಕಂಪನಿ ಸೇರಿದಳು. ಹೊಸ ಕೆಲಸದ ಸುದ್ದಿಯನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿದಳು. ಮಾರ್ಚ್ 29ರ ರಾತ್ರಿ ಕಂಪನಿಯ ಸೋರ್ಸ್ ಕೋಡ್ ಆಕೆಯ ಸ್ವಂತ ಲ್ಯಾಪ್‌ಟಾಪಿಗೆ ಇಳಿದಿರುವುದು ದಾಖಲೆಯಲ್ಲಿದೆ. ಕಂಪನಿ ದಾವೆ ಹೂಡಿ ಮಧ್ಯಂತರ ತಡೆಯಾಜ್ಞೆ ಕೇಳಿದೆ. ನಿರ್ಧರಿಸಿ.*

ಇಂಥ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಅರ್ಧಕ್ಕರ್ಧ ಮೊದಲ ಪುಟದಲ್ಲೇ ದಾರಿ ತಪ್ಪುತ್ತವೆ. ಹನ್ನೆರಡು ತಿಂಗಳು ಜಾಸ್ತಿಯಾಯ್ತೋ, ಆರು ತಿಂಗಳಾಗಿದ್ದರೆ ಸರಿಯಿತ್ತೋ, ಇಡೀ ಭಾರತ ಅನ್ನುವ ಬದಲು ಬೆಂಗಳೂರು ಅಂದಿದ್ದರೆ ನಡೆಯುತ್ತಿತ್ತೋ ಅಂತ ತೂಗುತ್ತಾ ಕೂರುತ್ತಾರೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಇಂಗ್ಲೆಂಡಿನ ಕಾನೂನು. ಅಲ್ಲಿ ನಿರ್ಬಂಧ ಸಮಂಜಸವೇ ಅಲ್ಲವೇ ಎಂಬುದೇ ಮುಖ್ಯ ಪ್ರಶ್ನೆ. ನಮ್ಮಲ್ಲಿ ನೌಕರನ ವಿಷಯಕ್ಕೆ ಬಂದಾಗ ಮುಖ್ಯ ಪ್ರಶ್ನೆ ಬೇರೆ. ನಿರ್ಬಂಧ ಎಷ್ಟು ದಿನದ್ದು ಅಂತ ಕೇಳುವುದಿಲ್ಲ, ಯಾವಾಗಿನದು ಅಂತ ಕೇಳುತ್ತಾರೆ. ಕೆಲಸದ ಕೊನೆಯ ದಿನಕ್ಕೆ ಮುಂಚಿನದೋ, ನಂತರದ್ದೋ? ಉತ್ತರಪತ್ರಿಕೆಯಲ್ಲಿ ಮೊದಲು ಆ ದಿನದ ಮೇಲೆ ಒಂದು ಗೆರೆ ಎಳೆದುಕೊಳ್ಳಿ. ಇಲ್ಲಿ ಅದು ಮಾರ್ಚ್ 31.

ಈಗ ಕಲಂ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಹೇಳುವುದು ಇಷ್ಟು: ಯಾರನ್ನೇ ಆಗಲಿ ನ್ಯಾಯಸಮ್ಮತವಾದ ವೃತ್ತಿ, ವ್ಯಾಪಾರ ಅಥವಾ ವ್ಯವಹಾರ ನಡೆಸದಂತೆ ತಡೆಯುವ ಪ್ರತಿ ಒಪ್ಪಂದವೂ ಆ ಮಟ್ಟಿಗೆ ಶೂನ್ಯ. ಅಲ್ಲಿ ‘ಸಮಂಜಸ’ ಅನ್ನುವ ಮಾತು ಬರುವುದು ಒಂದೇ ಕಡೆ, ಕೆಳಗಿನ ವಿನಾಯಿತಿಯಲ್ಲಿ. ವ್ಯಾಪಾರದ ಗುಡ್‌ವಿಲ್ ಮಾರಿದವನು, ಕೊಂಡವನ ಜೊತೆ ಒಂದು ಗೊತ್ತಾದ ಪ್ರದೇಶದಲ್ಲಿ ಪೈಪೋಟಿ ಮಾಡುವುದಿಲ್ಲ ಅಂತ ಒಪ್ಪಬಹುದು, ಆ ಪ್ರದೇಶದ ಮಿತಿ ಕೋರ್ಟಿಗೆ ಸಮಂಜಸ ಅನ್ನಿಸಬೇಕು. ಚೇತನಾ ಏನನ್ನೂ ಮಾರಿಲ್ಲ. ತಿಂಗಳ ಸಂಬಳಕ್ಕೆ ದುಡಿದವಳು. ಹಾಗಾಗಿ ವಿನಾಯಿತಿ ಆಕೆಗೆ ಅನ್ವಯಿಸುವುದಿಲ್ಲ ಅಂತ ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿ. ಪ್ರಶ್ನೆಯಲ್ಲಿ ಆಕೆ ಸಂಸ್ಥಾಪಕಿಯಾಗಿ ತನ್ನ ಷೇರುಗಳನ್ನೆಲ್ಲ ಕಂಪನಿಯ ಜೊತೆಗೇ ಮಾರಿ ಹೊರಟಿದ್ದರೆ ಕಥೆ ಬೇರೆ ಇರುತ್ತಿತ್ತು.

‘ಪೂರ್ತಿ ತಡೆದರೆ ಮಾತ್ರ ಶೂನ್ಯ, ಸ್ವಲ್ಪ ತಡೆದರೆ ಪರವಾಗಿಲ್ಲ’ ಎಂಬ ವಾದ ಕಲಂ 27ರಷ್ಟೇ ಹಳೆಯದು. ಅದಕ್ಕೆ ಉತ್ತರ 1874ರ ಮಾಧವ ಚಂದ್ರ ವಿರುದ್ಧ ರಾಜಕುಮಾರ ದಾಸ್ ಪ್ರಕರಣದಲ್ಲಿ ಸಿಕ್ಕಿತು. ಕಲ್ಕತ್ತೆಯ ಒಂದು ಬೀದಿ. ಅಲ್ಲಿ ಮೊದಲಿಂದ ಲೋಹದ ಪಾತ್ರೆ ವ್ಯಾಪಾರ ಮಾಡುತ್ತಿದ್ದವರಿಗೆ ಹೊಸಬನೊಬ್ಬ ಅಂಗಡಿ ಇಟ್ಟದ್ದು ಹೊಟ್ಟೆಗೆ ಹೊಡೆಯಿತು. ‘ಇಲ್ಲಿಂದ ಅಂಗಡಿ ಎತ್ತಿಬಿಡು, ನೀನು ಕೆಲಸಗಾರರಿಗೆ ಕೊಟ್ಟಿರುವ ಮುಂಗಡ 900 ರೂಪಾಯಿ ನಾವು ಕೊಡ್ತೀವಿ’ ಅಂದರು. ಅವನು ಎತ್ತಿದ. ಇವರು ಕೊಡಲಿಲ್ಲ. ಅವನು ದಾವೆ ಹಾಕಿದ, ಸೋತ. ಯಾಕೆ? ಅಂಗಡಿ ಮುಚ್ಚುವ ಒಪ್ಪಂದವೇ ಶೂನ್ಯ, ಅದರ ಮೇಲೆ ನಿಂತ ದುಡ್ಡಿನ ಮಾತೂ ಶೂನ್ಯ. ನಿರ್ಬಂಧ ಒಂದು ಬೀದಿಗಷ್ಟೇ ಇತ್ತು, ಬೇರೆ ಕಡೆ ಅವನು ಆರಾಮಾಗಿ ವ್ಯಾಪಾರ ಮಾಡಬಹುದಿತ್ತು. ಆದರೂ ಮುಖ್ಯ ನ್ಯಾಯಮೂರ್ತಿ ಕೌಚ್ ಒಪ್ಪಲಿಲ್ಲ. ಅವರು ತೋರಿಸಿದ್ದು ಪಕ್ಕದ 28ನೇ ಕಲಮನ್ನು. ಅಲ್ಲಿ ‘ಸಂಪೂರ್ಣವಾಗಿ’ ತಡೆದರೆ ಅನ್ನುವ ಪದ ಇದೆ. 27ರಲ್ಲಿ ಆ ಪದ ಇಲ್ಲ. ಅಂದರೆ ಬೇಕೆಂದೇ ಬಿಟ್ಟಿದ್ದಾರೆ, ಅರೆಬರೆ ನಿರ್ಬಂಧವೂ ಇದರಡಿ ಬರುತ್ತದೆ.

ಈ ಪ್ರಕರಣವನ್ನು ಹೆಸರು ಹೇಳಿ ಬಿಡಬೇಡಿ. ಎರಡು ಕೆಲಸಕ್ಕೆ ಬರುತ್ತದೆ. ‘ಬರೀ 12 ತಿಂಗಳು ತಾನೇ, ಬರೀ ಪ್ರತಿಸ್ಪರ್ಧಿ ಕಂಪನಿ ತಾನೇ’ ಅನ್ನುವ ವಾದಕ್ಕೆ ಇದೇ ಉತ್ತರ. 10 ಲಕ್ಷದ ಮಾತು ಬಂದಾಗಲೂ ಇದೇ ಬೇಕಾಗುತ್ತದೆ. ಹಾಗೇ ಒಂದು ಹೋಲಿಕೆ: ಇದಾದ ಇಪ್ಪತ್ತು ವರ್ಷದ ಮೇಲೆ, 1894ರಲ್ಲಿ, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ನಾರ್ಡನ್‌ಫೆಲ್ಟ್ ಪ್ರಕರಣದಲ್ಲಿ ಇಡೀ ಜಗತ್ತಿಗೆ ಹಬ್ಬಿದ 25 ವರ್ಷದ ನಿರ್ಬಂಧವನ್ನು ಎತ್ತಿಹಿಡಿಯಿತು. ಅದು ತೋಪು-ಬಂದೂಕಿನ ವ್ಯಾಪಾರ ಮಾರಿದವನ ವಿಷಯ, ನೌಕರನದಲ್ಲ, ನಿಜ. ಆದರೂ ಎರಡು ದೇಶಗಳ ದಾರಿ ಎಷ್ಟು ಬೇರೆ ಅನ್ನುವುದು ಕಾಣುತ್ತದೆ. 1958ರಲ್ಲಿ ನಮ್ಮ ಕಾನೂನು ಆಯೋಗ ತನ್ನ 13ನೇ ವರದಿಯಲ್ಲಿ, ಸಮಂಜಸವಾದ ನಿರ್ಬಂಧಗಳಿಗೆ ಜಾಗ ಕೊಡುವ ಹಾಗೆ ಕಲಂ ಬದಲಾಯಿಸಿ ಅಂತ ಹೇಳಿತ್ತು. ಬದಲಾಯಿಸಲಿಲ್ಲ. ಹಾಗಾಗಿ ‘ಸಮಂಜಸತೆ’ಯನ್ನು ಬರೆಯಲೇಬೇಕು ಅನ್ನಿಸಿದರೆ, ನಮ್ಮಲ್ಲಿ ಅದು ಯಾಕೆ ನಡೆಯುವುದಿಲ್ಲ ಅಂತ ಹೇಳುವುದಕ್ಕೆ ಬರೆಯಿರಿ.

ಈಗ ಆ ಗೆರೆ. ಕೆಲಸದಲ್ಲಿ ಇರುವಾಗ ‘ಬೇರೆ ಕಡೆ ದುಡಿಯಬೇಡ’ ಅನ್ನುವುದು ವ್ಯಾಪಾರಕ್ಕೆ ಅಡ್ಡಿಯಲ್ಲ. ಒಪ್ಪಿದ ಕೆಲಸವನ್ನು ಸರಿಯಾಗಿ ಮಾಡಲಿ ಅಂತ ಇರುವ ಷರತ್ತು ಅದು. ಈ ಮಾತಿಗೆ ಎಲ್ಲರೂ ಬರೆಯುವ ಪ್ರಕರಣ 1967ರ ಸುಪ್ರೀಂ ಕೋರ್ಟ್ ತೀರ್ಪು, ಗೋಲಿಕೇರಿ ವಿರುದ್ಧ ಸೆಂಚುರಿ ಸ್ಪಿನ್ನಿಂಗ್. ಎಡವುವುದೂ ಇಲ್ಲೇ. ‘ಗೋಲಿಕೇರಿ ಪ್ರಕರಣದಲ್ಲಿ ಪ್ರತಿಸ್ಪರ್ಧಿ ಕಂಪನಿ ಸೇರಬಾರದೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ, ಆದ್ದರಿಂದ ಚೇತನಾ ಸೋಲುತ್ತಾಳೆ’ ಅಂತ ಬರೆದವರುಂಟು. ಅರ್ಧ ಸತ್ಯ.

ಅಲ್ಲಿ ನಡೆದದ್ದು ನೋಡಿ. ಕಲ್ಯಾಣದಲ್ಲಿ ಟೈರ್ ಒಳಗಿನ ನೂಲು ತಯಾರಿಸುವ ಘಟಕ. ಹಾಲೆಂಡಿನ ಕಂಪನಿಯೊಂದು ತಂತ್ರಜ್ಞಾನ ಕೊಟ್ಟಿತ್ತು, ಗುಟ್ಟು ಕಾಯಬೇಕು ಅನ್ನುವ ಷರತ್ತಿನ ಮೇಲೆ. ಗೋಲಿಕೇರಿ ಅಲ್ಲಿ ಶಿಫ್ಟ್ ಸೂಪರ್‌ವೈಸರ್. ಕರಾರು 1963ರ ಮಾರ್ಚ್‌ನಿಂದ ಐದು ವರ್ಷಕ್ಕೆ, ಅಂದರೆ 1968ರ ಮಾರ್ಚ್ ತನಕ. ಅವರು 1964ರಲ್ಲೇ ಬಿಟ್ಟು ಕೋಟಾದ ರೇಯಾನ್ ಕಂಪನಿ ಸೇರಿದರು. ಕರಾರಿನಲ್ಲಿ ಇದ್ದದ್ದು: ಅವಧಿಗೆ ಮುಂಚೆ ಬಿಟ್ಟರೆ, ಉಳಿದ ಅವಧಿಯಲ್ಲಿ ಇದೇ ಕೆಲಸವನ್ನು ಬೇರೆ ಕಡೆ ಮಾಡಬಾರದು. ಕೋರ್ಟು ತಡೆದದ್ದೂ 1968ರ ಮಾರ್ಚ್ ತನಕ ಮಾತ್ರ. ಅಂದರೆ ಗೆರೆಯ ಈ ಕಡೆಯೇ. ಅವರೇ ಒಪ್ಪಿದ ಐದು ವರ್ಷದ ಒಳಗೇ. ಆ ಐದು ವರ್ಷ ಮುಗಿದ ಮೇಲೂ ಒಂದು ದಿನ ತಡೆಯಬಹುದು ಅಂತ ಆ ತೀರ್ಪು ಹೇಳಲಿಲ್ಲ. ಚೇತನಾಳ ಕರಾರಿಗೆ ಇಂಥ ಗೊತ್ತಾದ ಅವಧಿ ಇಲ್ಲ. 60 ದಿನದ ನೋಟಿಸ್ ಕೊಟ್ಟರೆ ಮುಗಿಯುತ್ತದೆ, ಆಕೆ ಕೊಟ್ಟು ಮುಗಿಸಿದ್ದಾಳೆ. ಗೋಲಿಕೇರಿ ಪ್ರಕರಣ ಆಕೆಗೆ ತಟ್ಟುವುದಿಲ್ಲ. ನೋಟಿಸಿನ ಹತ್ತನೇ ದಿನಕ್ಕೇ ಹೇಳದೆ ಕೇಳದೆ ಹೋಗಿ ಹೊಸ ಕಂಪನಿಯಲ್ಲಿ ಕೂತಿದ್ದರೆ, ಉಳಿದ ಐವತ್ತು ದಿನದ ಮಟ್ಟಿಗೆ ಕಂಪನಿಯ ವಕೀಲರು ಇದನ್ನು ಹಿಡಿದು ವಾದಿಸಬಹುದಿತ್ತು. ಪ್ರಶ್ನೆ ಬರೆದವರು ‘ಪೂರ್ತಿ ಮುಗಿಸಿ’ ಅಂತ ಸುಮ್ನೆ ಬರೆದಿಲ್ಲ, ಅಲ್ವಾ?

ಗೆರೆಯ ಆ ಕಡೆಗೆ 1980ರ ಸೂಪರಿಂಟೆಂಡೆನ್ಸ್ ಕಂಪನಿ ವಿರುದ್ಧ ಕೃಷನ್ ಮುರ್ಗಾಯ್ ಪ್ರಕರಣ. ಸರಕಿನ ಗುಣಮಟ್ಟ ಪರೀಕ್ಷಿಸುವ ಕಂಪನಿ, ದೆಹಲಿ ಶಾಖೆಯ ಮ್ಯಾನೇಜರ್. ‘ಕಂಪನಿ ಬಿಟ್ಟ ಮೇಲೆ’ ಎರಡು ವರ್ಷ ಅದೇ ಥರದ ವ್ಯವಹಾರ ಮಾಡಬಾರದು ಅಂತ ಷರತ್ತು. ಕಂಪನಿಯೇ ಅವರನ್ನು ತೆಗೆದುಹಾಕಿತು. ಅವರು ಸ್ವಂತ ವ್ಯವಹಾರ ಶುರು ಮಾಡಿದರು. ತಡೆಯಾಜ್ಞೆ ಸಿಗಲಿಲ್ಲ. ಆದರೆ ಕಾರಣವನ್ನು ನಿಖರವಾಗಿ ಬರೆಯಿರಿ. ಇಬ್ಬರು ನ್ಯಾಯಮೂರ್ತಿಗಳು ತೀರ್ಪನ್ನು ನಿಲ್ಲಿಸಿದ್ದು ‘ಬಿಟ್ಟ’ ಅನ್ನುವ ಪದದ ಮೇಲೆ: ತಾನಾಗಿ ಬಿಟ್ಟರೆ ಷರತ್ತು, ಕಂಪನಿಯೇ ತೆಗೆದರೆ ಅಲ್ಲ. ಕಲಂ 27ರ ಪ್ರಕಾರ ಕೆಲಸ ಮುಗಿದ ಮೇಲಿನ ನಿರ್ಬಂಧ, ಸಮಂಜಸವಿರಲಿ ಇಲ್ಲದಿರಲಿ, ಶೂನ್ಯ ಅಂತ ವಿಸ್ತಾರವಾಗಿ ಬರೆದದ್ದು ಮೂರನೆಯವರಾದ ನ್ಯಾಯಮೂರ್ತಿ ಎ.ಪಿ. ಸೇನ್, ತಮ್ಮ ಪ್ರತ್ಯೇಕ ತೀರ್ಪಿನಲ್ಲಿ. ಫಲಿತಾಂಶಕ್ಕೆ ಮೂವರೂ ಒಪ್ಪಿದರು, ಕಾರಣ ಬೇರೆ ಬೇರೆ. ಇದನ್ನು ಒಂದು ಸಾಲಿನಲ್ಲಿ ಹೇಳುವ ವಿದ್ಯಾರ್ಥಿ ತೀರ್ಪು ಓದಿದ್ದಾನೆ ಅಂತ ತಿದ್ದುವವರಿಗೆ ಗೊತ್ತಾಗುತ್ತದೆ. ಗೈಡ್ ಓದಿದವನು ‘ಸುಪ್ರೀಂ ಕೋರ್ಟ್ ಹೇಳಿದೆ’ ಅಂತ ಬಿಡುತ್ತಾನೆ.

ಸೇನ್ ಅವರ ಮಾತು ಒಂಟಿಯಾಗಿ ಉಳಿಯಲಿಲ್ಲ. 2006ರಲ್ಲಿ ಪರ್ಸೆಪ್ಟ್ ಡಿಮಾರ್ಕ್ ವಿರುದ್ಧ ಜಹೀರ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ, ಕರಾರಿನ ಅವಧಿ ಮುಗಿದ ಮೇಲಿನ ನಿರ್ಬಂಧ ಶೂನ್ಯ ಅನ್ನುವುದನ್ನು ಸ್ಪಷ್ಟವಾಗಿ ಹೇಳಿತು. ಅಲ್ಲಿದ್ದದ್ದು ಕ್ರಿಕೆಟಿಗನ ಜಾಹೀರಾತು ಕರಾರು. ಸಾಫ್ಟ್‌ವೇರ್ ಇಂಜಿನಿಯರ್‌ನದೇ ಪ್ರಕರಣ ಬೇಕೆಂದರೆ ಅದೂ ಇದೆ. 2025ರ ಜೂನ್‌ನಲ್ಲಿ ದೆಹಲಿ ಹೈಕೋರ್ಟ್ ಡ್ಯಾಫೋಡಿಲ್ ಸಾಫ್ಟ್‌ವೇರ್ ಕಂಪನಿಯ ಪ್ರಕರಣವನ್ನು ತೀರ್ಮಾನಿಸಿತು. ಕಂಪನಿ ತನ್ನ ಇಂಜಿನಿಯರ್‌ನನ್ನು ಡಿಜಿಟಲ್ ಇಂಡಿಯಾ ಕಾರ್ಪೊರೇಷನ್‌ನ ಪೋಷಣ್ ಟ್ರ್ಯಾಕರ್ ಕೆಲಸಕ್ಕೆ ಹಾಕಿತ್ತು. ಅವರು ಕಂಪನಿ ಬಿಟ್ಟು ನೇರವಾಗಿ ಆ ಕಾರ್ಪೊರೇಷನ್ನನ್ನೇ ಸೇರಿದರು. ಕಂಪನಿಯ ವ್ಯವಹಾರ ಇರುವವರ ಜೊತೆ ಮೂರು ವರ್ಷ ಕೆಲಸ ಮಾಡಬಾರದು ಅಂತ ಷರತ್ತಿತ್ತು. ಕೆಳಗಿನ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ಅದನ್ನು ತೆಗೆದುಹಾಕಿತು. ಹಳೇ ಕಂಪನಿಗೆ ದುಡಿ, ಇಲ್ಲವೇ ಮನೆಯಲ್ಲಿ ಕೂರು ಅನ್ನುವ ಇಕ್ಕಟ್ಟಿಗೆ ನೌಕರನನ್ನು ತಳ್ಳುವಂತಿಲ್ಲ ಅನ್ನುವುದು ತೀರ್ಪಿನ ಸಾರ. ಇದು ದೆಹಲಿಯದು, ಬೆಂಗಳೂರಿನ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಉದಾಹರಣೆಯಾಗಿ ಬಳಸಿ, ಆಧಾರವಾಗಿ ಸುಪ್ರೀಂ ಕೋರ್ಟಿನದನ್ನು ಇಡಿ.

ಅಲ್ಲಿಗೆ 14ನೇ ಷರತ್ತಿನ ಮೊದಲ ಭಾಗ ಬಿತ್ತು. ಎರಡನೇ ಭಾಗ, 10 ಲಕ್ಷ. ಕಂಪನಿ ಬುದ್ಧಿವಂತಿಕೆ ತೋರಿಸಬಹುದು: ‘ನಾವು ಆಕೆಯನ್ನು ತಡೆಯುತ್ತಿಲ್ಲ, ಬೇಕಾದ ಕಡೆ ಹೋಗಲಿ, ದುಡ್ಡು ಕಟ್ಟಲಿ ಅಷ್ಟೇ.’ ಇಲ್ಲಿ ವಿದ್ಯಾರ್ಥಿಗಳು ತಕ್ಷಣ 74ನೇ ಕಲಮಿಗೆ ಹಾರಿ, 10 ಲಕ್ಷ ಜಾಸ್ತಿ, ಕೋರ್ಟು 3 ಲಕ್ಷಕ್ಕೆ ಇಳಿಸಬಹುದು ಅಂತೆಲ್ಲ ಬರೆಯುತ್ತಾರೆ. ಬೇಡ. 74ನೇ ಕಲಂ ಶುರುವಾಗುವುದೇ ಕರಾರು ಮುರಿದಾಗ. ಶೂನ್ಯವಾದ ಮಾತನ್ನು ಮುರಿಯುವುದು ಹೇಗೆ? ಮುರಿಯಲು ಏನೂ ಇಲ್ಲ, ಆದ್ದರಿಂದ ಪರಿಹಾರವೂ ಇಲ್ಲ. ಕಲ್ಕತ್ತೆಯ ಅಂಗಡಿಯವನಿಗೆ 900 ರೂಪಾಯಿ ತಪ್ಪಿದ್ದೂ ಇದೇ ಕಾರಣಕ್ಕೆ. ಅವನಿಗೆ ಅದು ಅನ್ಯಾಯ ಅನ್ನಿಸಿರಬೇಕು. ನನಗೂ ಓದಿದಾಗಲೆಲ್ಲ ಹಾಗೇ ಅನ್ನಿಸುತ್ತದೆ. ಆದರೆ ನಿಯಮ ಎರಡೂ ಕಡೆಗೆ ಒಂದೇ.

ಪ್ರಶ್ನೆಯನ್ನು ಸ್ವಲ್ಪ ತಿರುಚಿ, ಆ 12 ತಿಂಗಳು ಕಂಪನಿಯೇ ಸಂಬಳ ಕೊಡುತ್ತದೆ ಅಂತ ಹಾಕಿದರೂ ಗಾಬರಿಯಾಗಬೇಡಿ. ಮನೆಯಲ್ಲಿ ಕೂರಿಸಿ ಸಂಬಳ ಕೊಡುವ ಈ ಏರ್ಪಾಡಿಗೆ ಗಾರ್ಡನ್ ಲೀವ್ ಅಂತ ಹೆಸರು. 2007ರಲ್ಲಿ ವಿಎಫ್‌ಎಸ್ ಗ್ಲೋಬಲ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಕೆಲಸ ಮುಗಿದ ಮೇಲೆ ಮೂರು ತಿಂಗಳ ಸಂಬಳ ಕೊಟ್ಟು ತಡೆಯುವುದನ್ನೂ ಕಲಂ 27ರ ಅಡಿಗೇ ತಂದಿತು. ಸಂಬಳ ಕೊಟ್ಟ ಮಾತ್ರಕ್ಕೆ ಗೆರೆ ಅಳಿಸಿಹೋಗುವುದಿಲ್ಲ.

ಇಷ್ಟಕ್ಕೇ ಪೆನ್ನು ಇಟ್ಟು, ‘ಆದ್ದರಿಂದ ಕರಾರು ಶೂನ್ಯ, ದಾವೆ ವಜಾ’ ಅಂತ ಬರೆದವರು ಅರ್ಧ ಅಂಕ ಕಳೆದುಕೊಳ್ಳುತ್ತಾರೆ. ಕಲಮಿನ ಕೊನೆಯ ಮಾತು ನೆನಪಿಸಿಕೊಳ್ಳಿ: ‘ಆ ಮಟ್ಟಿಗೆ’ ಶೂನ್ಯ. ಕೊಳೆತ ಭಾಗ ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಇಟ್ಟುಕೊಳ್ಳಬೇಕು. 14ನೇ ಷರತ್ತು ಬಿದ್ದರೂ 15, 16 ಮತ್ತು ಬಾಂಡ್ ಒಂದೊಂದೂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೋ ಇಲ್ಲವೋ ನೋಡಬೇಕು.

15ನೇ ಷರತ್ತು ಆಕೆಯನ್ನು ದುಡಿಯಬೇಡ ಅನ್ನುವುದಿಲ್ಲ. ದುಡಿ, ಆದರೆ ನಮ್ಮವರನ್ನು ಕರೆದುಕೊಂಡು ಹೋಗಬೇಡ ಅನ್ನುತ್ತದೆ. ಕೋರ್ಟುಗಳು ಇದನ್ನು ಸ್ವಲ್ಪ ಮೆತ್ತಗೆ ನೋಡಿವೆ. 2009ರ ಡೆಸಿಕೆಂಟ್ ರೋಟರ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಮಾಜಿ ಮ್ಯಾನೇಜರ್ ಪ್ರತಿಸ್ಪರ್ಧಿ ಕಂಪನಿ ಸೇರುವುದನ್ನು ತಡೆಯಲಿಲ್ಲ. ಆದರೆ ಹಳೇ ಕಂಪನಿಯ ಗ್ರಾಹಕರನ್ನು ವ್ಯಾಪಾರಕ್ಕಾಗಿ ಎಡತಾಕುವುದನ್ನು ತಡೆಯಿತು. ಅದಕ್ಕೂ ಮುಂಚೆ 2006ರ ವಿಪ್ರೋ ಪ್ರಕರಣದಲ್ಲಿ, ಎರಡು ಕಂಪನಿಗಳು ಪರಸ್ಪರರ ನೌಕರರನ್ನು ಸೆಳೆಯಬಾರದು ಅಂತ ಮಾಡಿಕೊಂಡ ಒಪ್ಪಂದ ಕಲಂ 27ಕ್ಕೆ ವಿರುದ್ಧವಲ್ಲ ಅಂದಿತ್ತು. ಯಾಕೆಂದರೆ ಅದು ಕಟ್ಟಿಹಾಕುವುದು ಕಂಪನಿಯನ್ನು, ನೌಕರನನ್ನಲ್ಲ.

ಹಾಗಾದರೆ ಪ್ರಶ್ನೆ ಇರುವುದು ‘ಸೆಳೆಯುವುದು’ ಅನ್ನುವ ಪದದಲ್ಲಿ. ಚೇತನಾ ಲಿಂಕ್ಡ್‌ಇನ್‌ನಲ್ಲಿ ಹೊಸ ಕೆಲಸದ ಸುದ್ದಿ ಹಾಕಿದ್ದಾಳೆ. ಅದನ್ನು ನೋಡಿ ಹಳೇ ಗ್ರಾಹಕನೊಬ್ಬ ತಾನಾಗಿ ‘ನಿಮ್ಮ ಹೊಸ ಕಂಪನಿಯ ರೇಟ್ ಏನು ಮೇಡಂ’ ಅಂತ ಮೆಸೇಜ್ ಮಾಡಿದ ಅಂದುಕೊಳ್ಳಿ. ಎಲ್ಲರಿಗೂ ಕಾಣುವ ಹಾಗೆ ಕೆಲಸ ಬದಲಾದದ್ದನ್ನು ಹೇಳಿಕೊಳ್ಳುವುದು ಸೆಳೆಯುವುದಲ್ಲ. ಹಳೇ ಕಂಪನಿಯ ಗ್ರಾಹಕರ ಪಟ್ಟಿ ತೆಗೆದು, ಒಬ್ಬೊಬ್ಬರಿಗೂ ಫೋನ್ ಮಾಡಿ, ‘ಅವರು ಎಷ್ಟು ತಗೋತಾರೆ ಅಂತ ನನಗೆ ಗೊತ್ತು, ನಾವು ಕಡಿಮೆಗೆ ಕೊಡ್ತೀವಿ’ ಅಂದಿದ್ದರೆ ಅದು ಸೆಳೆಯುವುದು. ನಮ್ಮ ಪ್ರಶ್ನೆಯಲ್ಲಿ ಅಂಥದ್ದೇನೂ ಇಲ್ಲ. ಷರತ್ತು ನಿಲ್ಲಬಹುದು, ಉಲ್ಲಂಘನೆ ಸಾಬೀತಾಗಿಲ್ಲ. ಹೀಗೆ ಬರೆದರೆ ಸಾಕು.

16ನೇ ಷರತ್ತಿಗೆ ಬಂದರೆ ಚೇತನಾಳ ಪಕ್ಷ ಮೊದಲ ಬಾರಿಗೆ ಅಲುಗಾಡುತ್ತದೆ. ಗುಟ್ಟು ಕಾಯುವ ಜವಾಬ್ದಾರಿ ಕೊನೆಯ ದಿನದ ಗೆರೆಗೆ ನಿಲ್ಲುವುದಿಲ್ಲ, ಆಮೇಲೂ ಮುಂದುವರಿಯುತ್ತದೆ. ಅದು ವೃತ್ತಿಗೆ ಅಡ್ಡಿಯಲ್ಲ, ಇನ್ನೊಬ್ಬರ ವಸ್ತು ಮುಟ್ಟಬೇಡ ಅನ್ನುವಂಥದ್ದು. ಆದರೆ ಯಾವುದು ಗುಟ್ಟು, ಯಾವುದು ಅನುಭವ? ಬಿಲ್ಲಿನ ಮೊತ್ತಕ್ಕೂ ಬ್ಯಾಂಕಿಗೆ ಬಂದ ಮೊತ್ತಕ್ಕೂ ನಾಲ್ಕು ರೂಪಾಯಿ ವ್ಯತ್ಯಾಸ ಬಂದಾಗ ಎಲ್ಲಿ ಹುಡುಕಬೇಕು ಅನ್ನುವುದು ಚೇತನಾಗೆ ಮೂರು ವರ್ಷದ ಕೆಲಸದಿಂದ ಗೊತ್ತು. ದೊಡ್ಡ ಡೇಟಾಬೇಸ್ ನಿಧಾನವಾದಾಗ ಏನು ಮಾಡಬೇಕು ಅನ್ನುವುದೂ ಗೊತ್ತು. ಇದೆಲ್ಲ ಅವಳ ಕೈಚಳಕ. ಅಡುಗೆ ಭಟ್ಟರು ಹೋಟೆಲ್ ಬಿಟ್ಟಾಗ ಕೈರುಚಿ ಬಿಟ್ಟು ಹೋಗಿ ಅನ್ನುವುದಕ್ಕೆ ಆಗುತ್ತದಾ? ಆದರೆ ಯಾವ ಬ್ಯಾಂಕಿನ ಸ್ಟೇಟ್‌ಮೆಂಟಿಗೆ ಯಾವ ನಿಯಮ ಅಂತ ಕಂಪನಿ ವರ್ಷಗಟ್ಟಲೆ ಕೂಡಿಹಾಕಿದ ಪಟ್ಟಿ, ಗ್ರಾಹಕರಿಗೆ ಕೊಟ್ಟ ದರಗಳು, ಕೋಡ್: ಇವು ಕಂಪನಿಯವು.

ಬೇರೆಯಾಗಿ ಬೆರಳಿಟ್ಟು ತೋರಿಸಲು ಆಗುತ್ತದೋ ಇಲ್ಲವೋ ಅನ್ನುವುದು ಒಳ್ಳೆಯ ಅಳತೆಗೋಲು. ‘ಆಕೆಗೆ ನಮ್ಮ ಎಲ್ಲ ಗುಟ್ಟೂ ಗೊತ್ತು’ ಅಂತ ದಾವೆಯಲ್ಲಿ ಬರೆದರೆ ಕೋರ್ಟು ಕೇಳುವುದು ‘ಯಾವ ಗುಟ್ಟು?’ ಅಂತ. ಅದಕ್ಕೆ ಉತ್ತರ ಇಲ್ಲದಿದ್ದರೆ, ಗೋಪ್ಯತೆಯ ಹೆಸರಿನಲ್ಲಿ ಮತ್ತೆ ಅದೇ 14ನೇ ಷರತ್ತನ್ನು ಹಿಂಬಾಗಿಲಿನಿಂದ ತರುತ್ತಿದ್ದಾರೆ ಅಂತ ಅರ್ಥ. 2006ರ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇಂಥ ಪ್ರಯತ್ನವನ್ನು ಒಪ್ಪಲಿಲ್ಲ.

ಚೇತನಾಳ ವಿಷಯದಲ್ಲಿ ಬೆರಳಿಟ್ಟು ತೋರಿಸಲು ಒಂದು ವಸ್ತು ಇದೆ. ಮಾರ್ಚ್ 29ರ ರಾತ್ರಿ ಆಕೆ ಸ್ವಂತ ಲ್ಯಾಪ್‌ಟಾಪಿನಲ್ಲಿ `git clone` ಅಂತ ಒಂದು ಸಾಲು ಟೈಪ್ ಮಾಡಿದಳು. ಎರಡು ನಿಮಿಷದಲ್ಲಿ ಪೂರ್ತಿ ಕೋಡ್, ಅದರ ಹಳೇ ಆವೃತ್ತಿಗಳ ಸಮೇತ, ಇಳಿಯಿತು. ಸರ್ವರ್‌ನಲ್ಲಿ ಗಂಟೆ, ನಿಮಿಷ, ಯಾರ ಖಾತೆ ಎಲ್ಲ ದಾಖಲಾಯಿತು. ‘ನಾನೇ ಬರೆದ ಕೋಡ್ ಸಾರ್, ನೆನಪಿಗೆ ಇಟ್ಕೊಂಡೆ’ ಅನ್ನುವುದು ಇಂಥ ಸಂದರ್ಭದಲ್ಲಿ ಕಕ್ಷಿದಾರರು ಹೇಳುವ ಮಾಮೂಲಿ ಮಾತು. ಪಾಪ, ಎಷ್ಟೋ ಜನ ಅದನ್ನು ನಿಜಕ್ಕೂ ನಂಬಿರುತ್ತಾರೆ. ಆದರೆ 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದ ಕೋಡಿನ ಮೊದಲ ಮಾಲೀಕ ಕಂಪನಿಯೇ. ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ಮಾಹಿತಿ ಇಳಿಸಿಕೊಂಡರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮೂ ಬರುತ್ತದೆ. ಕರಾರಿನಲ್ಲಿ 16ನೇ ಷರತ್ತು ಇಲ್ಲದೇ ಹೋಗಿದ್ದರೂ ಈ ಎರಡು ಕಾಯ್ದೆಗಳು ಇರುತ್ತಿದ್ದವು. ಗಮನಿಸಿ, ಇದು ನಡೆದದ್ದು ಮಾರ್ಚ್ 29ಕ್ಕೆ. ಗೆರೆಗೆ ಎರಡು ದಿನ ಮುಂಚೆ, ಆಕೆ ಇನ್ನೂ ನೌಕರಳಾಗಿದ್ದಾಗ.

ಆದರೂ ಇದರಿಂದ ಆಕೆಯ ಹೊಸ ಕೆಲಸವೇ ಹೋಗಬೇಕು ಅಂತಿಲ್ಲ. ಕೋಡ್ ಬಳಸಬಾರದು, ಯಾರಿಗೂ ಕೊಡಬಾರದು, ಇರುವ ಪ್ರತಿಯನ್ನು ಕೋರ್ಟಿನ ವಶಕ್ಕೆ ಒಪ್ಪಿಸಬೇಕು ಅಂದರೆ ಕಂಪನಿಯ ಹಿತ ಉಳಿಯಿತು. ರೋಗಕ್ಕೆ ತಕ್ಕಷ್ಟೇ ಮದ್ದು. ಒಂದು ಎಚ್ಚರಿಕೆ ಇದೆ. ಪ್ರತಿಯನ್ನು ಈಗಲೇ ಅಳಿಸಿಬಿಡು ಅಂತ ಆದೇಶ ಬರೆಯಬೇಡಿ. ಅದು ಸಾಕ್ಷ್ಯ. ದಾವೆ ನಡೆಯುವಾಗ ಅಳಿಸಿದರೆ ಆಕೆಯೇ ಇನ್ನೊಂದು ತೊಂದರೆಗೆ ಸಿಕ್ಕಿಕೊಳ್ಳುತ್ತಾಳೆ.

ಉಳಿದದ್ದು ಬಾಂಡ್. ಇದೂ ನಿರ್ಬಂಧ ತಾನೇ, ಇದೂ ಶೂನ್ಯ ಅಂತ ಬರೆಯಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಇದೇ ವಾದವನ್ನು ತಳ್ಳಿಹಾಕಿತು. ಬ್ಯಾಂಕಿನ ಸೀನಿಯರ್ ಮ್ಯಾನೇಜರ್ ಒಬ್ಬರು ಮೂರು ವರ್ಷ ಇರಬೇಕಿತ್ತು, ಮುಂಚೆ ಬಿಟ್ಟರೆ 2 ಲಕ್ಷ. ಅವರು ಬೇರೆ ಬ್ಯಾಂಕ್ ಸೇರಲು ಮುಂಚೆಯೇ ಬಿಟ್ಟರು, ಹಣ ಕಟ್ಟಿದರು, ಆಮೇಲೆ ವಾಪಸ್ ಕೇಳಿದರು. ಕರ್ನಾಟಕ ಹೈಕೋರ್ಟ್ ಅವರ ಕಡೆ ನಿಂತಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಮೂರು ವರ್ಷ ಇರು ಅನ್ನುವುದು ಕರಾರು ನಡೆಯುತ್ತಿರುವಾಗಿನ ಮಾತು, ಆಮೇಲೆ ದುಡಿಯಬೇಡ ಅಂದದ್ದಲ್ಲ. ಮತ್ತೆ ಅದೇ ಗೆರೆ. ಮೊತ್ತದ ವಿಷಯದಲ್ಲಿ ಕೋರ್ಟು, ಸರ್ಕಾರಿ ಬ್ಯಾಂಕು ಒಬ್ಬರನ್ನು ನೇಮಿಸಲು ಪಡುವ ದೊಡ್ಡ ಖರ್ಚು, ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡಿತು.

ಚೇತನಾಳ ಬಾಂಡೂ ಹಾಗೇ ನಿಲ್ಲುತ್ತದೆ. ಇಲ್ಲಿ ಮಾತ್ರ 74ನೇ ಕಲಮನ್ನು ತೆಗೆಯಿರಿ. ಅದರ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತ ಒಂದು ಮೇಲ್ಮಿತಿ. ಅದನ್ನು ದಾಟದಂತೆ ಕೋರ್ಟು ಸಮಂಜಸ ಪರಿಹಾರ ಕೊಡಬಹುದು. ತರಬೇತಿಗೆ ಖರ್ಚಾದದ್ದು 1.8 ಲಕ್ಷ. 24 ತಿಂಗಳಲ್ಲಿ ಆಕೆ 14 ತಿಂಗಳು ದುಡಿದಿದ್ದಾಳೆ, 10 ತಿಂಗಳು ಬಾಕಿ. ಖರ್ಚನ್ನು ತಿಂಗಳಿಗೆ ಹಂಚಿದರೆ 7,500, ಬಾಕಿ ಹತ್ತು ತಿಂಗಳಿಗೆ 75,000. ಹೀಗೇ ಲೆಕ್ಕ ಹಾಕಬೇಕು ಅಂತ ಕಾಯ್ದೆ ಹೇಳುವುದಿಲ್ಲ. ವಿಜಯಾ ಬ್ಯಾಂಕಿನಲ್ಲಿ ಪೂರ್ತಿ ಮೊತ್ತವೇ ಉಳಿಯಿತು. ಆದರೆ ಖಾಸಗಿ ಕಂಪನಿ, ಖರ್ಚು ಕಣ್ಣಮುಂದೆ ಇದೆ, ಅರ್ಧಕ್ಕಿಂತ ಹೆಚ್ಚು ಅವಧಿ ಕಳೆದಿದೆ ಅಂತ ಕಾರಣ ಕೊಟ್ಟು 75,000ಕ್ಕೆ ನಿಲ್ಲಿಸಿದರೆ ಉತ್ತರ ಗಟ್ಟಿ ಇರುತ್ತದೆ. ಪೂರ್ತಿ 2 ಲಕ್ಷ ಅಂದವರಿಗೂ ಕಾರಣ ಚೆನ್ನಾಗಿದ್ದರೆ ನಾನು ಅಂಕ ಕಡಿಯುವುದಿಲ್ಲ. ಮೊತ್ತವನ್ನೇ ಹೇಳದೆ ‘ಸೂಕ್ತ ಪರಿಹಾರ’ ಅಂತ ಜಾರಿಕೊಂಡವರಿಗೆ ಕಡಿಯುತ್ತೇನೆ.

ಪ್ರಶ್ನೆ ಕೇಳಿದ್ದು ಮಧ್ಯಂತರ ತಡೆಯಾಜ್ಞೆಯನ್ನು. ಅದಕ್ಕೆ ಮೂರು ಸಂಗತಿ ನೋಡುತ್ತಾರೆ: ಮೇಲ್ನೋಟಕ್ಕೆ ಪ್ರಕರಣ ಇದೆಯೇ, ಆಜ್ಞೆಯಿಂದ ಯಾರಿಗೆ ಹೆಚ್ಚು ತೊಂದರೆ, ದುಡ್ಡಿನಿಂದ ತುಂಬಲಾಗದ ನಷ್ಟ ಇದೆಯೇ. ಬಾಂಡಿನ ಹಣಕ್ಕೆ ಈ ಹಂತದಲ್ಲಿ ಆಜ್ಞೆ ಬೇಡ, ಅದು ವಿಚಾರಣೆಯಲ್ಲಿ ತೀರ್ಮಾನವಾಗುವ ದುಡ್ಡಿನ ಮಾತು. ಕೊನೆಯ ಪ್ಯಾರಾವನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“14ನೇ ಷರತ್ತು ಕಲಂ 27ರ ಅಡಿ ಶೂನ್ಯವಾದ್ದರಿಂದ, ಪ್ರತಿವಾದಿ ಹೊಸ ಕಂಪನಿಯಲ್ಲಿ ಕೆಲಸ ಮಾಡುವುದನ್ನು ತಡೆಯಲು ಮೇಲ್ನೋಟದ ಪ್ರಕರಣ ಇಲ್ಲ. ಅದನ್ನು ತಡೆದರೆ ಆಕೆಯ ಸಂಬಳ ಇಂದಿನಿಂದಲೇ ನಿಲ್ಲುತ್ತದೆ, ವಾದಿಗೆ ಆಗುವ ನಷ್ಟ ಇನ್ನೂ ಊಹೆ. ಆ ಮಟ್ಟಿಗೆ ಅರ್ಜಿ ತಿರಸ್ಕೃತ. ಗ್ರಾಹಕರನ್ನು ಸೆಳೆದದ್ದಕ್ಕೆ ಆಧಾರ ಇಲ್ಲ, ಆ ಬಗ್ಗೆಯೂ ಈಗ ಆಜ್ಞೆ ಇಲ್ಲ. ಮಾರ್ಚ್ 29ರಂದು ಇಳಿಸಿಕೊಂಡ ಸೋರ್ಸ್ ಕೋಡ್ ಬಗ್ಗೆ ಮೇಲ್ನೋಟದ ಪ್ರಕರಣ ಇದೆ. ಅದು ಒಮ್ಮೆ ಹೊರಗೆ ಹೋದರೆ ಹಣದಿಂದ ಮರಳಿ ತರಲಾಗದು. ಪ್ರತಿವಾದಿ ಅದನ್ನು ಬಳಸಬಾರದು, ಹಂಚಬಾರದು, ಅಳಿಸಬಾರದು. ಪ್ರತಿ ಇರುವ ಲ್ಯಾಪ್‌ಟಾಪನ್ನು ಏಳು ದಿನದೊಳಗೆ ಈ ನ್ಯಾಯಾಲಯಕ್ಕೆ ಒಪ್ಪಿಸತಕ್ಕದ್ದು.”